ಭಾರದ ಸಾಮಾನು ವಾಪಸ್ ಕಳಿಸುವಾಗ ಪಿಕಪ್, ಜೋಡಣೆ, ಹಾನಿಯ ಖರ್ಚು ಯಾರದ್ದು? ಹಂತ ಹಂತವಾಗಿ

ವಾಷಿಂಗ್ ಮಷಿನ್, ಫ್ರಿಜ್, ವಾರ್ಡ್‌ರೋಬ್, ದೊಡ್ಡ ಸೋಫಾ ವಾಪಸ್ ಕಳಿಸಲು ಹೋದವರು ಹೆಚ್ಚಾಗಿ ಒಂದೇ ಜಾಗದಲ್ಲಿ ಸಿಕ್ಕಿಬೀಳುತ್ತಾರೆ. ಸಾಮಾನು ಕೆಟ್ಟಿದೆ ಅನ್ನುವುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಅದು ಯಾವಾಗ ಕೆಟ್ಟಿತು ಅನ್ನುವುದಕ್ಕೆ ಮಾತ್ರ ಆಧಾರ ಇರುವುದಿಲ್ಲ. ಅಂಗಡಿಯವರು ಸಾಗಣೆಯವರನ್ನು ತೋರಿಸುತ್ತಾರೆ, ಸಾಗಣೆಯವರು ಫಿಟ್ ಮಾಡಿದವರನ್ನು ತೋರಿಸುತ್ತಾರೆ, ಫಿಟ್ ಮಾಡಿದವರು ನಿಮ್ಮ ನೆಲವನ್ನು ತೋರಿಸುತ್ತಾರೆ.

ಹೀಗಾಗಿ ಈ ಬರಹದ ಉದ್ದಕ್ಕೂ ಕೇಳಿಕೊಳ್ಳುವ ಪ್ರಶ್ನೆ ಒಂದೇ: ಹಾನಿ ಲಾರಿಯಲ್ಲಿ ಆಯಿತೋ, ಮೆಟ್ಟಿಲ ಮೇಲೆ ಆಯಿತೋ, ಫಿಟ್ ಮಾಡುವಾಗ ಆಯಿತೋ, ಅಥವಾ ಬಳಸುವಾಗ ಆಯಿತೋ? ಇದಕ್ಕೆ ಉತ್ತರ ಸಿಕ್ಕರೆ ಖರ್ಚು ಯಾರದ್ದು ಅನ್ನುವುದು ಹೆಚ್ಚುಕಡಿಮೆ ತೀರ್ಮಾನವಾದ ಹಾಗೆ. ಮುಂದೆ ತೆರೆಯುವ ವಾಷಿಂಗ್ ಮಷಿನ್ನನ್ನೇ ಮುಖ್ಯ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ವಾರ್ಡ್‌ರೋಬ್ ವಿಷಯ ಬೇರೆಯಾಗುವ ಕಡೆ ಅದನ್ನೂ ಹೇಳುತ್ತೇನೆ.

## ಬೇಕಾದ ಸಾಮಗ್ರಿ

ದಿನಾಂಕ ಸರಿಯಾಗಿರುವ ಫೋನ್ ಕ್ಯಾಮೆರಾ, ಅಳತೆ ಟೇಪು, ಪೆನ್ನು, ಅಗಲವಾದ ಅಂಟುಪಟ್ಟಿ, ಸ್ಕ್ರೂ ಹಾಕಿಡಲು ಒಂದೆರಡು ಪ್ಲಾಸ್ಟಿಕ್ ಚೀಲ, ಒಂದು ಸ್ಪ್ಯಾನರ್. ಇದರ ಜೊತೆಗೆ ಸಾಮಾನು ಬಂದ ಪೆಟ್ಟಿಗೆ, ಥರ್ಮಾಕೋಲ್ ಸಮೇತ. ಜನ ಮೊದಲು ಬಿಸಾಡುವುದೇ ಅದನ್ನು. ವಾಪಸ್ ಕೊಡುವ ಗಡುವು ಮುಗಿಯುವವರೆಗೂ ಇಟ್ಟುಕೊಳ್ಳಿ. ಜಾಗವಿಲ್ಲದಿದ್ದರೆ ರಟ್ಟನ್ನು ಚಪ್ಪಟೆ ಮಡಚಿಡಿ, ಥರ್ಮಾಕೋಲ್ ಮೂಲೆಗಳನ್ನು ಮಾತ್ರ ಹಾಗೇ ಉಳಿಸಿಕೊಳ್ಳಿ.

## ಹಂತ 1: ಆರ್ಡರ್ ಮಾಡುವ ಮೊದಲು ಶರತ್ತಿನಲ್ಲಿ ನಾಲ್ಕು ಉತ್ತರ ಹುಡುಕಿ

ಇಡೀ ಶರತ್ತು ಓದಲು ಯಾರಿಗೂ ಪುರುಸೊತ್ತು ಇರುವುದಿಲ್ಲ. ನಾಲ್ಕು ವಿಷಯ ಹುಡುಕಿದರೆ ಸಾಕು.

ಮೊದಲನೆಯದು, ಡೆಲಿವರಿ ಎಲ್ಲಿವರೆಗೆ? ಕಟ್ಟಡದ ಬಾಗಿಲವರೆಗೋ, ನಿಮ್ಮ ರೂಮಿನ ಒಳಗೋ? ಬಾಗಿಲವರೆಗೆ ಮಾತ್ರ ಅಂತ ಇದ್ದು, ನೀವೇ ಆಳು ಕರೆಸಿ ಮೇಲೆ ಹೊರಿಸಿದರೆ ಮೆಟ್ಟಿಲ ಮೇಲಿನ ಹಾನಿ ನಿಮ್ಮ ತಲೆಗೇ ಬರುತ್ತದೆ.

ಎರಡನೆಯದು, ಹಾನಿ ತಿಳಿಸುವ ಗಡುವು ಎಷ್ಟು? ಇದೂ ವಾಪಸ್ ಕೊಡುವ ಗಡುವೂ ಒಂದೇ ಅಲ್ಲ. ವಾಪಸಿಗೆ ವಾರಗಟ್ಟಲೆ ಸಮಯ ಕೊಟ್ಟು, ಸಾಗಣೆ ಹಾನಿಯನ್ನು ಮಾತ್ರ ಒಂದೆರಡು ದಿನದಲ್ಲೇ ತಿಳಿಸಬೇಕು ಅನ್ನುವ ಶರತ್ತು ಸಾಮಾನ್ಯ.

ಮೂರನೆಯದು, ಪಿಕಪ್ ಖರ್ಚು ಯಾರದ್ದು? "ಉಚಿತ ವಾಪಸಾತಿ" ಅಂತ ದೊಡ್ಡದಾಗಿ ಬರೆದು, ಭಾರದ ಸಾಮಾನಿಗೆ ಅನ್ವಯಿಸುವುದಿಲ್ಲ ಅಂತ ಕೆಳಗೆ ಸಣ್ಣದಾಗಿ ಬರೆದಿರುವುದುಂಟು. ನಾಲ್ಕನೆಯದು, ಡೆಲಿವರಿ ಮತ್ತು ಜೋಡಣೆಗೆ ಕೊಟ್ಟ ಹಣ ಹಿಂದಿರುಗುತ್ತದೆಯೋ ಇಲ್ಲವೋ?

ಈ ಪುಟಗಳ ಸ್ಕ್ರೀನ್‌ಶಾಟ್ ಅವತ್ತೇ ತೆಗೆದಿಡಿ. ಶರತ್ತುಗಳು ಬದಲಾಗುತ್ತಿರುತ್ತವೆ. ನಿಮಗೆ ಬೇಕಾಗುವುದು ನೀವು ಕೊಂಡ ದಿನ ಇದ್ದ ಶರತ್ತು.

ಹಾಗೆಯೇ ಬಾಗಿಲು, ಲಿಫ್ಟು, ಮೆಟ್ಟಿಲ ತಿರುವು ಅಳೆಯಿರಿ. ಅಳತೆ ಹಾಕುವುದು ಸಾಮಾನಿನದ್ದಲ್ಲ, ಪೆಟ್ಟಿಗೆಯದ್ದು. ಒಳಗೆ ಹಿಡಿಸಲಿಲ್ಲ ಅನ್ನುವುದನ್ನು ಬಹುತೇಕ ಎಲ್ಲರೂ ಕೊಂಡವರ ತಪ್ಪು ಅಂತಲೇ ಲೆಕ್ಕ ಹಾಕುತ್ತಾರೆ. ಆಗ ಎರಡೂ ಕಡೆಯ ಸಾಗಣೆ ಖರ್ಚು ನಿಮ್ಮ ಮೇಲೆ ಬೀಳಬಹುದು.

## ಹಂತ 2: ಲಾರಿ ಬಂದಾಗ, ಸಹಿಗೆ ಮೊದಲು

ಪೆಟ್ಟಿಗೆಯ ಆರೂ ಮುಖ ನೋಡಬೇಕು. ಕೆಳಭಾಗ ಕಾಣದಿದ್ದರೆ ಸ್ವಲ್ಪ ವಾಲಿಸಿ ತೋರಿಸಲು ಹೇಳಿ. ಮೂಲೆ ಕುಸಿದಿದೆಯಾ, ಕಟ್ಟಿದ ಪಟ್ಟಿ ಸಡಿಲಾಗಿದೆಯಾ, ರಟ್ಟು ಒದ್ದೆಯಾಗಿ ಒಣಗಿದ ಕಲೆ ಇದೆಯಾ, ಹಳೆ ಅಂಟುಪಟ್ಟಿಯ ಮೇಲೆ ಹೊಸದು ಅಂಟಿಸಿದ್ದಾರಾ ನೋಡಿ. ಕೆಲವು ಪೆಟ್ಟಿಗೆಗಳ ಮೇಲೆ ವಾಲಿಸಿದರೆ ಅಥವಾ ಜೋರಾಗಿ ಕುಕ್ಕಿದರೆ ಬಣ್ಣ ಬದಲಾಗುವ ಸ್ಟಿಕ್ಕರ್ ಇರುತ್ತದೆ. ಅದು ಕೆಂಪಾಗಿದ್ದರೆ ಒಳಗೆ ಹಾನಿ ಆಗಿಯೇ ಇದೆ ಅಂತಲ್ಲ. ಆದರೆ ಅದರ ಫೋಟೋ ಮುಂದೆ ತುಂಬಾ ಉಪಯೋಗಕ್ಕೆ ಬರುತ್ತದೆ.

ಹಾನಿ ಎದ್ದು ಕಾಣುತ್ತಿದ್ದರೆ ಒಳಗೆ ತರಿಸಿಕೊಳ್ಳಬೇಡಿ. ಸಾಮಾನು ಇನ್ನೂ ಅವರ ಲಾರಿಯಲ್ಲೇ ಇದೆ. ಬಾಗಿಲಲ್ಲೇ ಬೇಡ ಅಂದರೆ ಪಿಕಪ್ ಅನ್ನುವ ಮಾತೇ ಬರುವುದಿಲ್ಲ. ಇದಕ್ಕಿಂತ ಅಗ್ಗದ ವಾಪಸಾತಿ ಇನ್ನೊಂದಿಲ್ಲ. ಬೇಡ ಅಂದ ಕಾರಣವನ್ನು ರಸೀದಿಯಲ್ಲಿ ಬರೆಸಿ, ಅದರ ಫೋಟೋ ಇಟ್ಟುಕೊಳ್ಳಿ.

ಸಣ್ಣ ಅನುಮಾನ ಮಾತ್ರ ಇದ್ದರೆ ತೆಗೆದುಕೊಳ್ಳಬಹುದು, ಆದರೆ ಸಹಿಯ ಪಕ್ಕದಲ್ಲಿ ಬರೆಯಬೇಕು. "ಪರಿಶೀಲಿಸದೆ ಪಡೆದಿದೆ" ಅಂತ ಮಾತ್ರ ಬರೆದರೆ ಹೆಚ್ಚು ತೂಕ ಇಲ್ಲ, ಏಕೆಂದರೆ ಅದು ಏನನ್ನೂ ಹೇಳುವುದಿಲ್ಲ. "ಎಡಗಡೆ ಕೆಳಮೂಲೆ ಒಳಕ್ಕೆ ಕುಸಿದಿದೆ, ಒಳಗೆ ನೋಡಿಲ್ಲ" ಅಂತ ಬರೆಯಿರಿ. ಫೋನಿನಲ್ಲಿ ಸಹಿ ಪಡೆಯುವವರಾದರೆ ಬರೆಯಲು ಜಾಗವೇ ಇರುವುದಿಲ್ಲ. ಆಗ ಅವರು ನಿಂತಿರುವಾಗಲೇ ಆ ಮೂಲೆಯ ಫೋಟೋ ತೆಗೆದು, ಅದೇ ಗಂಟೆಯಲ್ಲಿ ಮಾರಿದವರಿಗೆ ಕಳಿಸಿಬಿಡಿ. ಒಟಿಪಿ ಕೊಡುವುದೂ ಸಹಿ ಮಾಡಿದಂತೆಯೇ. ಪೆಟ್ಟಿಗೆ ನೋಡುವ ಮೊದಲು ಕೊಡಬೇಡಿ.

## ಹಂತ 3: ಡೆಲಿವರಿ ಆಗಿದೆ, ಟೆಕ್ನಿಷಿಯನ್ ಇನ್ನೂ ಬಂದಿಲ್ಲ

ಅತಿ ಹೆಚ್ಚು ಹಣ ಕಳೆಯುವುದು ಇಲ್ಲಿ, ಆದರೆ ಇದರ ಬಗ್ಗೆ ಯಾರೂ ಎಚ್ಚರಿಸುವುದಿಲ್ಲ. ಹಾನಿ ತಿಳಿಸುವ ಗಡುವು ಡೆಲಿವರಿ ದಿನದಿಂದ ಓಡಲು ಶುರು. ಆದರೆ ಎಷ್ಟೋ ಕಂಪನಿಗಳು ತಮ್ಮ ಟೆಕ್ನಿಷಿಯನ್ ಬರುವವರೆಗೆ ಪೆಟ್ಟಿಗೆ ತೆರೆಯಬೇಡಿ ಅನ್ನುತ್ತವೆ. ಅವರು ಬರುವಷ್ಟರಲ್ಲಿ ಗಡುವು ಮುಗಿದಿದ್ದರೆ ನೀವು ಎರಡೂ ಕಡೆಯಿಂದ ಹೊರಗೆ.

ಇದಕ್ಕೆ ಎರಡು ದಾರಿ ಇದೆ. ಡೆಲಿವರಿ ದಿನಾಂಕ ಗೊತ್ತಾದ ಕೂಡಲೇ ಇನ್‌ಸ್ಟಾಲೇಶನ್ ದಿನವನ್ನು ಗಡುವಿನ ಒಳಗೇ ಗೊತ್ತು ಮಾಡಿಕೊಳ್ಳುವುದು ಒಂದು. ಅದು ಆಗದಿದ್ದರೆ ಮಾರಿದವರಿಗೆ ಬರೆದು ಕೇಳುವುದು: "ಟೆಕ್ನಿಷಿಯನ್ ಬರುವುದು ಹಾನಿ ತಿಳಿಸುವ ಗಡುವು ಮುಗಿದ ಮೇಲೆ. ಗಡುವು ವಿಸ್ತರಿಸುತ್ತೀರಾ, ಅಥವಾ ನಾನೇ ತೆರೆದು ನೋಡಲಾ?" ಯಾವ ಉತ್ತರ ಬಂದರೂ ನಿಮಗೆ ಒಳ್ಳೆಯದೇ. ಉತ್ತರವೇ ಬರದಿದ್ದರೂ ನೀವು ಕೇಳಿದ್ದಕ್ಕೆ ದಾಖಲೆ ಉಳಿಯುತ್ತದೆ.

ತೆರೆಯುವುದಾದರೆ ವಿಡಿಯೊ ಮಾಡುತ್ತಾ ತೆರೆಯಿರಿ. ಪೆಟ್ಟಿಗೆ ಮುಚ್ಚಿರುವಾಗ ಶುರುವಾಗಬೇಕು, ಸೀರಿಯಲ್ ನಂಬರ್ ಸ್ಟಿಕ್ಕರ್ ಕಾಣಬೇಕು, ನಡುವೆ ನಿಲ್ಲಿಸಬಾರದು. ಪ್ಲಗ್ ಹಾಕಬೇಡಿ, ನೀರು ಜೋಡಿಸಬೇಡಿ. ನೋಡಿ, ಮತ್ತೆ ಮುಚ್ಚಿಡಿ.

ವಾರ್ಡ್‌ರೋಬ್ ಆದರೆ ಎಲ್ಲಾ ಹಲಗೆಗಳನ್ನು ಹರಡಿ ಎಣಿಸಿ, ಅಂಚುಗಳನ್ನು ನೋಡಿ. ಒಂದು ಹಲಗೆ ಒಡೆದಿದ್ದರೆ ಮೊದಲ ಸ್ಕ್ರೂ ಹಾಕುವ ಮೊದಲೇ ನಿಲ್ಲಿಸಬೇಕು. ಅರ್ಧ ಜೋಡಿಸಿದ ಮೇಲೆ ದೂರು ಕೊಟ್ಟರೆ "ಜೋಡಿಸುವಾಗ ಒಡೆದದ್ದು" ಅನ್ನುತ್ತಾರೆ. ಒಂದೇ ಹಲಗೆ ಕೆಟ್ಟಿದ್ದರೆ ಇಡೀ ವಾರ್ಡ್‌ರೋಬ್ ವಾಪಸಿಗೆ ಹಟ ಮಾಡುವುದಕ್ಕಿಂತ ಆ ಹಲಗೆ ಮಾತ್ರ ಕೇಳುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಅದು ಬೇಗ ಬರುತ್ತದೆ, ಪಿಕಪ್ ಜಗಳವೂ ಇರುವುದಿಲ್ಲ.

## ಹಂತ 4: ಫಿಟ್ ಮಾಡುವ ದಿನ

ಬಂದವರನ್ನು ಮೊದಲು ಕೇಳಬೇಕಾದ್ದು: ನಿಮ್ಮನ್ನು ಕಳಿಸಿದ್ದು ಯಾರು? ಅಂಗಡಿಯೋ, ತಯಾರಿಸಿದ ಕಂಪನಿಯೋ? ಕೆಲಸ ಕೆಟ್ಟರೆ ದೂರು ಹೋಗಬೇಕಾದ್ದು ಕಳಿಸಿದವರಿಗೆ. ನೀವೇ ಪರಿಚಯದ ಪ್ಲಂಬರ್ ಅನ್ನು ಕರೆಸಿದ್ದರೆ ಅಂಗಡಿಯೂ ಕಂಪನಿಯೂ ಕೈತೊಳೆದುಕೊಳ್ಳುತ್ತವೆ. ಆಗ ಉಳಿಯುವುದು ಆ ಪ್ಲಂಬರ್ ಮಾತ್ರ.

ಅವರು ಕೆಲಸ ಶುರು ಮಾಡುವ ಮೊದಲು ನೆಲ, ಗೋಡೆ, ನಲ್ಲಿ, ಬಾಗಿಲ ಚೌಕಟ್ಟಿನ ಫೋಟೋ ತೆಗೆಯಿರಿ. ಮುಂಚೆ ಹೇಗಿತ್ತು ಅನ್ನುವುದಕ್ಕೆ ಬೇರೆ ಸಾಕ್ಷಿ ಸಿಗುವುದಿಲ್ಲ.

ಮುಂದೆ ತೆರೆಯುವ ವಾಷಿಂಗ್ ಮಷಿನ್ನಿನ ಹಿಂಬದಿಯಲ್ಲಿ ಉದ್ದನೆಯ ಟ್ರಾನ್ಸಿಟ್ ಬೋಲ್ಟುಗಳಿರುತ್ತವೆ, ಸಾಮಾನ್ಯವಾಗಿ ಮೂರೋ ನಾಲ್ಕೋ. ಒಳಗಿನ ಡ್ರಮ್ ಸ್ಪ್ರಿಂಗ್ ಮತ್ತು ಡ್ಯಾಂಪರ್‌ಗಳ ಮೇಲೆ ತೂಗುತ್ತಿರುತ್ತದೆ. ಸಾಗಿಸುವಾಗ ಅದು ಅಲ್ಲಾಡದಂತೆ ಈ ಬೋಲ್ಟುಗಳು ಬಿಗಿಹಿಡಿಯುತ್ತವೆ. ಬಳಸುವ ಮೊದಲು ಇವನ್ನು ತೆಗೆದು, ಆ ತೂತುಗಳಿಗೆ ಜೊತೆಗೆ ಬಂದ ಪ್ಲಾಸ್ಟಿಕ್ ಮುಚ್ಚಳ ಹಾಕಬೇಕು. ತೆಗೆದ ಬೋಲ್ಟುಗಳನ್ನು ಟೆಕ್ನಿಷಿಯನ್ ಕೈಗೆ ಕೊಡಬೇಡಿ, ನೀವೇ ಚೀಲದಲ್ಲಿ ಹಾಕಿಡಿ. ಮಷಿನ್ ವಾಪಸ್ ಹೋಗುವ ದಿನ ಅವು ಮತ್ತೆ ಬೇಕು.

ಆಮೇಲೆ ಮಟ್ಟ. ಕಾಲುಗಳನ್ನು ತಿರುಗಿಸಿ ಎತ್ತರ ಸರಿಮಾಡಿ, ಅವುಗಳ ಲಾಕ್ ನಟ್ ಬಿಗಿ ಮಾಡಬೇಕು. ಮಷಿನ್ನಿನ ಎದುರುಬದುರು ಮೂಲೆಗಳನ್ನು ಒತ್ತಿ ನೋಡಿ, ಕುಂಟಬಾರದು.

ಸಹಿಗೆ ಮೊದಲು ಬಟ್ಟೆ ಹಾಕದೆ ಒಂದು ಚಿಕ್ಕ ಸುತ್ತು ಓಡಿಸಲು ಹೇಳಿ. ಅದರಲ್ಲಿ ಸ್ಪಿನ್ ಇರಲೇಬೇಕು, ಏಕೆಂದರೆ ಬೋಲ್ಟು ಉಳಿದಿದ್ದರೆ ಗೊತ್ತಾಗುವುದು ಸ್ಪಿನ್ನಿನಲ್ಲಿ. ನೀರು ತುಂಬುವಾಗ ನಲ್ಲಿ ಜೋಡಣೆಯ ಕೆಳಗೆ ಒಣ ಬಟ್ಟೆ ಇಟ್ಟು ನೋಡಿ. "ಸಹಿ ಹಾಕಿ, ಆಮೇಲೆ ನೀವೇ ಓಡಿಸಿ ನೋಡಿ, ಏನಾದ್ರೂ ಇದ್ರೆ ಫೋನ್ ಮಾಡಿ" ಅಂದರೆ ಒಪ್ಪಬೇಡಿ. ಅವರಿಗೆ ಇನ್ನೊಂದು ಮನೆಗೆ ಹೋಗುವ ಅವಸರ ಇರುತ್ತದೆ, ಅದು ಅರ್ಥವಾಗುತ್ತದೆ. ಆದರೆ ಆ ಸಹಿ "ಕೆಲಸ ಸರಿಯಾಗಿ ಆಗಿದೆ" ಅನ್ನುವುದಕ್ಕೆ ನಿಮ್ಮ ಒಪ್ಪಿಗೆ. ಓಡಿಸದೇ ಹೋಗುವುದಾದರೆ ಕೆಲಸದ ಚೀಟಿಯಲ್ಲಿ "ಓಡಿಸಿ ನೋಡಿಲ್ಲ" ಅಂತ ಬರೆದು ಸಹಿ ಮಾಡಿ. ಪೆಟ್ಟಿಗೆಯನ್ನು ತಾನೇ ಕೊಂಡೊಯ್ಯುತ್ತೇನೆ ಅಂದರೂ ಬೇಡ ಅನ್ನಿ.

## ಹಂತ 5: ಹಾನಿ ಯಾವಾಗ ಆಯಿತು, ಗುರುತಿಸುವುದು ಹೇಗೆ?

ತಗಡು ತಗ್ಗಿದ ಕಡೆಯೇ ಪೆಟ್ಟಿಗೆಯೂ ಕುಸಿದಿದ್ದರೆ ಸಾಗಣೆಯಲ್ಲಿ ಆದದ್ದು. ಪೆಟ್ಟಿಗೆ, ಥರ್ಮಾಕೋಲ್ ಎರಡೂ ಚೆನ್ನಾಗಿದ್ದು ಒಳಗೆ ಮಾತ್ರ ತಗ್ಗಿದ್ದರೆ ಪ್ಯಾಕ್ ಮಾಡುವ ಮೊದಲೇ ಆಗಿರಬೇಕು, ಇಲ್ಲವೇ ಪೆಟ್ಟಿಗೆ ತೆರೆದ ಮೇಲೆ. ಈ ಎರಡರಲ್ಲಿ ಯಾವುದು ಅನ್ನುವುದನ್ನು ತೀರ್ಮಾನಿಸುವುದು ತೆರೆಯುವಾಗಿನ ವಿಡಿಯೊ. ಗೀರಿನ ಒಳಗೆ ತುಕ್ಕು ಹಿಡಿದಿದ್ದರೆ ಅದು ಇವತ್ತಿನ ಗೀರಲ್ಲ.

ನೀರು ಸೋರುವುದನ್ನು ಎಲ್ಲಿಂದ ಅಂತ ನೋಡಬೇಕು. ನಲ್ಲಿಗೆ ಜೋಡಿಸಿದ ಕಡೆ ಅಥವಾ ಹೊರಹೋಗುವ ಪೈಪು ಜಾರಿದ ಕಡೆ ಸೋರಿದರೆ ಅದು ಫಿಟ್ ಮಾಡಿದವರ ಕೆಲಸ. ಜೋಡಣೆಗಳೆಲ್ಲ ಒಣಗಿದ್ದು ಮಷಿನ್ನಿನ ಅಡಿಯಿಂದ ನೀರು ಬಂದರೆ ಒಳಗಿನ ದೋಷ ಅಥವಾ ಸಾಗಣೆಯ ಪೆಟ್ಟು.

ಮರದ ಪುಡಿ ಹಲಗೆಯ ಫರ್ನಿಚರ್‌ನಲ್ಲಿ ಸ್ಕ್ರೂ ತೂತಿನ ಸುತ್ತ ಮೇಲ್ಪದರ ಉಬ್ಬಿದ್ದರೆ ಅಥವಾ ಪುಡಿ ಉದುರುತ್ತಿದ್ದರೆ ಜಾಸ್ತಿ ಬಿಗಿ ಮಾಡಿದ್ದಾರೆ ಅಂತ ಅರ್ಥ. ಡ್ರಿಲ್ ಹಿಡಿದು ಅವಸರದಲ್ಲಿ ಸ್ಕ್ರೂ ಹೊಡೆದಾಗ ಹೀಗಾಗುತ್ತದೆ. ಸ್ಕ್ರೂ ಇಲ್ಲದ ಹೊರ ಮೂಲೆ ಜಜ್ಜಿದ್ದರೆ ಸಾಗಣೆಯ ಕಡೆ ನೋಡಿ.

## ಒಂದು ಪ್ರಕರಣ: ಕುಣಿದು ಮುಂದೆ ಬಂದ ಮಷಿನ್

ಹೀಗೆ ಅಂದುಕೊಳ್ಳಿ. ಸೋಮವಾರ ಮಷಿನ್ ಬಂತು, ಪೆಟ್ಟಿಗೆ ಚೆನ್ನಾಗಿತ್ತು. ಗುರುವಾರ ಅಂಗಡಿ ಕಳಿಸಿದ ಟೆಕ್ನಿಷಿಯನ್ ಬಂದು ಜೋಡಿಸಿದರು, ನೀರು ಬರುವುದನ್ನು ಮಾತ್ರ ತೋರಿಸಿ ಸಹಿ ಪಡೆದರು. ಶುಕ್ರವಾರ ಮೊದಲ ಬಾರಿ ಬಟ್ಟೆ ಹಾಕಿದಾಗ ಸ್ಪಿನ್ನಿನಲ್ಲಿ ಮಷಿನ್ ಗಡಗಡ ಅಲುಗಿ ಮುಂದೆ ಬಂತು. ನೀರಿನ ಪೈಪು ಎಳೆದು ಜೋಡಣೆ ಬಿಟ್ಟುಕೊಂಡಿತು. ಪಕ್ಕದ ಕಪಾಟಿನ ಅಡಿಭಾಗ ನೆನೆದು ಉಬ್ಬಿತು.

ಮೊದಲ ಕೆಲಸ, ನಲ್ಲಿ ಮುಚ್ಚಬೇಕು. ನೆಲ ಒದ್ದೆ ಇದ್ದರೆ ಪ್ಲಗ್ ಮುಟ್ಟಬೇಡಿ, ಮೇನ್ ಸ್ವಿಚ್ ಆಫ್ ಮಾಡಿ. ಒರೆಸುವ ಮೊದಲು ಫೋಟೋ ತೆಗೆಯಿರಿ: ನೀರು, ಬಿಟ್ಟ ಜೋಡಣೆ, ಮಷಿನ್ ಸರಿದ ಗುರುತು. ಆಮೇಲೆ ಹಿಂಬದಿ ನೋಡಿದರೆ ಬೋಲ್ಟುಗಳು ಅಲ್ಲೇ ಇವೆ. ಅವನ್ನು ತೆಗೆಯಬೇಡಿ! ಬೋಲ್ಟುಗಳೂ ಸೀರಿಯಲ್ ನಂಬರ್ ಸ್ಟಿಕ್ಕರೂ ಒಂದೇ ಚೌಕಟ್ಟಿನಲ್ಲಿ ಬರುವಂತೆ ಫೋಟೋ ತೆಗೆಯಿರಿ. ತೆಗೆದುಬಿಟ್ಟರೆ "ನಾವು ತೆಗೆದೇ ಹೋಗಿದ್ದೆವು" ಅನ್ನಲು ಅವರಿಗೆ ದಾರಿ ಸಿಗುತ್ತದೆ.

ಅಂಗಡಿಯಿಂದ ಬರುವ ಮೊದಲ ಉತ್ತರ "ನಿಮ್ಮ ನೆಲ ಸಮ ಇಲ್ಲ" ಅಂತ ಇರಬಹುದು. ನೆಲ ಸಮ ಇದೆಯೋ ಇಲ್ಲವೋ ನೋಡಿ ಕಾಲು ಸರಿಮಾಡುವುದು ಇನ್‌ಸ್ಟಾಲೇಶನ್ ಕೆಲಸದ ಭಾಗವೇ ಅಲ್ವಾ? ಮಷಿನ್ ಅಲ್ಲಿ ಇಡಲಾಗದು ಅನ್ನಿಸಿದ್ದರೆ ಅವರು ಅವತ್ತೇ ಚೀಟಿಯಲ್ಲಿ ಬರೆಯಬೇಕಿತ್ತು. ಅದಿರಲಿ, ಬೋಲ್ಟಿನ ಫೋಟೋ ಮುಂದೆ ನೆಲದ ಮಾತು ನಿಲ್ಲುವುದಿಲ್ಲ.

ಇಲ್ಲಿ ಹಾನಿ ಮೂರು ಬಗೆಯದು, ಮೂರನ್ನೂ ಬೇರೆ ಬೇರೆಯಾಗಿ ಕೇಳಬೇಕು. ಮಷಿನ್ ಒಂದು. ಬೋಲ್ಟು ಹಾಕಿಕೊಂಡೇ ತಿರುಗಿದ್ದರಿಂದ ಒಳಗೆ ಪೆಟ್ಟಾಗಿರಬಹುದು, ಹೊರಗಿನಿಂದ ಗೊತ್ತಾಗುವುದಿಲ್ಲ. ಬೋಲ್ಟು ತೆಗೆದುಕೊಟ್ಟು "ಸರಿಹೋಯಿತು" ಅನ್ನುವುದನ್ನು ಒಪ್ಪಬೇಡಿ. ಬದಲಿ ಮಷಿನ್ ಕೇಳಿ, ಕನಿಷ್ಠ ತಪಾಸಣೆಯ ಲಿಖಿತ ವರದಿಯನ್ನಾದರೂ ಕೇಳಿ. ಎರಡನೆಯದು ಇನ್‌ಸ್ಟಾಲೇಶನ್‌ಗೆ ಕೊಟ್ಟ ಹಣ. ಮೂರನೆಯದು ಕಪಾಟು. ವಾರಂಟಿ ಇರುವುದು ಮಷಿನ್ನಿಗೆ, ಅದು ನಿಮ್ಮ ಕಪಾಟಿಗೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಹಾಗಾಗಿ ಅದನ್ನು ವಾರಂಟಿ ದೂರಿನಲ್ಲಿ ಸೇರಿಸಿದರೆ ಕಳೆದುಹೋಗುತ್ತದೆ. ಟೆಕ್ನಿಷಿಯನ್ ಅನ್ನು ಕಳಿಸಿದವರ ಹೆಸರಿಗೇ ಪ್ರತ್ಯೇಕ ಪತ್ರ ಬರೆದು, ರಿಪೇರಿಯ ಅಂದಾಜು ಚೀಟಿ ಲಗತ್ತಿಸಿ. ಅವರಿಗೆ ಇಂಥದ್ದಕ್ಕೆ ವಿಮೆ ಇದೆಯಾ ಅಂತಲೂ ಕೇಳಿ. ನಿಮ್ಮ ಮನೆಗೇ ವಿಮೆ ಇದ್ದರೆ ಅಲ್ಲಿಗೂ ತಿಳಿಸಿಡಿ.

## ಹಂತ 6: ದೂರು ದಾಖಲಿಸುವುದು

ಆಪ್‌ನಲ್ಲಿ ವಾಪಸಿಗೆ ಒತ್ತಿದಾಗ ಕಾರಣ ಕೇಳುತ್ತದೆ. ಬೇಗ ಮುಗಿಯಲಿ ಅಂತ ಸುಮ್ನೆ ಮೊದಲು ಕಂಡದ್ದನ್ನು, "ಇಷ್ಟವಾಗಲಿಲ್ಲ" ಅನ್ನುವಂಥದ್ದನ್ನು ಆರಿಸಿಬಿಡುತ್ತಾರೆ. ಖರ್ಚು ಯಾರದ್ದು ಅನ್ನುವುದು ಆ ಒಂದು ಒತ್ತಿನಲ್ಲೇ ತೀರ್ಮಾನವಾಗಬಹುದು.

ಲೆಕ್ಕ ಹಾಕಿ ನೋಡೋಣ. ಸಾಮಾನಿನ ಬೆಲೆ 100 ಅಂದುಕೊಳ್ಳಿ. ಡೆಲಿವರಿ 4, ಇನ್‌ಸ್ಟಾಲೇಶನ್ 3, ಪಿಕಪ್ 6. ನೀವು ಕೊಟ್ಟದ್ದು ಒಟ್ಟು 107. ಮನಸ್ಸು ಬದಲಾಯಿತು ಅಂತ ವಾಪಸ್ ಮಾಡಿದರೆ, ಡೆಲಿವರಿ ಮತ್ತು ಇನ್‌ಸ್ಟಾಲೇಶನ್ ಹಣ ಬಿಟ್ಟು, ಪಿಕಪ್ಪನ್ನೂ ಕಳೆದು ಕೈಗೆ ಬರುವುದು 94 ಇರಬಹುದು. ಹಾನಿ ಅವರ ಕಡೆಯದ್ದು ಅಂತ ದಾಖಲಾದರೆ ಕೇಳಬೇಕಾದ್ದು ಪೂರ್ತಿ 107, ಪಿಕಪ್ ಖರ್ಚು ಅವರದ್ದೇ. ವ್ಯತ್ಯಾಸ 13.

ದೂರು ಚಿಕ್ಕದಾಗಿರಲಿ. ಹೀಗೆ ಬರೆಯಬಹುದು:

"ಆರ್ಡರ್ ನಂಬರ್ ಇದು, ಸೀರಿಯಲ್ ನಂಬರ್ ಇದು. ಸೋಮವಾರ ಡೆಲಿವರಿ, ಗುರುವಾರ ನೀವು ಕಳಿಸಿದ ಟೆಕ್ನಿಷಿಯನ್‌ರಿಂದ ಜೋಡಣೆ. ಟ್ರಾನ್ಸಿಟ್ ಬೋಲ್ಟುಗಳನ್ನು ತೆಗೆದಿಲ್ಲ, ಫೋಟೋ ಲಗತ್ತಿಸಿದೆ. ಮಷಿನ್ ಬದಲಿಸಿಕೊಡಿ. ಪಿಕಪ್ ಖರ್ಚು ಯಾರದ್ದು, ಪೈಪು ಬಿಚ್ಚುವವರು ಯಾರು, ಹೊಸದು ಬಂದ ದಿನವೇ ಹಳೆಯದು ಒಯ್ಯುತ್ತೀರಾ, ಲಿಖಿತವಾಗಿ ತಿಳಿಸಿ."

ಸಿಟ್ಟು, ಬೇಸರ, ಹಬ್ಬಕ್ಕೆ ತಂದದ್ದು ಅನ್ನುವ ಕಥೆ ಬೇಡ. ಫೋನಿನಲ್ಲಿ ಮಾತಾಡಿದರೆ ಮುಗಿದ ಕೂಡಲೇ "ನೀವು ಈಗ ಹೀಗೆ ಹೇಳಿದಿರಿ" ಅಂತ ದೂರು ಸಂಖ್ಯೆ ಹಾಕಿ ಅವರಿಗೇ ಬರೆದು ಕಳಿಸಿ.

## ಹಂತ 7: ಪಿಕಪ್ ದಿನದ ತಯಾರಿ

ಪಿಕಪ್‌ಗೆ ಬರುವವರು ಎತ್ತಿಕೊಂಡು ಹೋಗುವವರು ಮಾತ್ರ. ಪೈಪು ಬಿಚ್ಚುವುದು, ವಾರ್ಡ್‌ರೋಬ್ ಕಳಚುವುದು ತಮ್ಮ ಕೆಲಸವಲ್ಲ ಅಂತ ಬರಿಗೈಯಲ್ಲಿ ಹೋಗುತ್ತಾರೆ. ಆಗ "ಗ್ರಾಹಕರು ಸಿದ್ಧರಿರಲಿಲ್ಲ" ಅಂತ ದಾಖಲಾಗಿ, ಎರಡನೇ ಬಾರಿಯ ಪಿಕಪ್‌ಗೆ ಹಣ ಕೇಳುವುದುಂಟು. ಹಂತ 6ರಲ್ಲಿ ಬಿಚ್ಚುವವರು ಯಾರು ಅಂತ ಕೇಳಿದ್ದು ಇದಕ್ಕೇ.

ವಾಷಿಂಗ್ ಮಷಿನ್ ಆದರೆ ನಲ್ಲಿ ಮುಚ್ಚಿ, ಪ್ಲಗ್ ತೆಗೆದು, ಮುಂದಿನ ಕೆಳಗಿರುವ ಫಿಲ್ಟರ್ ಮುಚ್ಚಳವನ್ನು ನಿಧಾನಕ್ಕೆ ತಿರುಗಿಸಿ ಒಳಗಿನ ನೀರು ಇಳಿಸಿ. ಅಡಿಗೆ ಅಗಲ ತಟ್ಟೆ ಇಡಿ, ಅನ್ನಿಸುವುದಕ್ಕಿಂತ ಜಾಸ್ತಿ ನೀರು ಬರುತ್ತದೆ. ಆಮೇಲೆ ಟ್ರಾನ್ಸಿಟ್ ಬೋಲ್ಟುಗಳನ್ನು ಮತ್ತೆ ಹಾಕಿ ಫೋಟೋ ತೆಗೆಯಿರಿ. ಬೋಲ್ಟು ಇಲ್ಲದೆ ಲಾರಿಯಲ್ಲಿ ಹೋದರೆ ಡ್ರಮ್ ಒಳಗೇ ಬಡಿದಾಡಿ ಕೆಡುತ್ತದೆ, ಗೋದಾಮಿನ ತಪಾಸಣೆಯಲ್ಲಿ ಅದು ನಿಮ್ಮ ಲೆಕ್ಕಕ್ಕೆ ಬರುತ್ತದೆ. ಮೇಲಿನ ಪ್ರಕರಣದಂತೆ ಬೋಲ್ಟು ತೆಗೆದೇ ಇಲ್ಲದಿದ್ದರೆ ಅವು ಅಲ್ಲೇ ಇರಲಿ.

ಫ್ರಿಜ್ಜನ್ನು ಹಿಂದಿನ ದಿನವೇ ಆಫ್ ಮಾಡಿ ಖಾಲಿ ಮಾಡಿ, ಐಸ್ ಕರಗಿಸಿ ಒರೆಸಿ. ಬಾಗಿಲು, ಟ್ರೇಗಳಿಗೆ ಅಂಟುಪಟ್ಟಿ ಹಾಕಿ. ನಿಲ್ಲಿಸಿಯೇ ಒಯ್ಯಲು ಹೇಳಿ.

ವಾರ್ಡ್‌ರೋಬ್ ಅನ್ನು ನೀವೇ ಕಳಚಬೇಕು ಅಂದರೆ ಒಂದು ಕ್ಷಣ ನಿಲ್ಲಿ. ಮರದ ಪುಡಿ ಹಲಗೆಯಲ್ಲಿ ಒಮ್ಮೆ ಬಿಚ್ಚಿದ ಸ್ಕ್ರೂ ಮತ್ತೆ ಅಷ್ಟು ಗಟ್ಟಿಯಾಗಿ ಹಿಡಿಯುವುದಿಲ್ಲ, ಗೋಂದು ಹಾಕಿದ ಗೂಟಗಳು ಹಲಗೆಯನ್ನೇ ಕಿತ್ತುಕೊಂಡು ಬರುತ್ತವೆ. ಕಳಚುವಾಗ ಆಗುವ ಹಾನಿ ಯಾರದ್ದು ಅಂತ ಬರೆಸಿಕೊಂಡ ಮೇಲೆಯೇ ಕೈ ಹಾಕಿ.

ಒಯ್ಯುವ ಕ್ಷಣದಲ್ಲಿ ನಾಲ್ಕೂ ಬದಿಯ ಫೋಟೋ ತೆಗೆಯಿರಿ, ಸೀರಿಯಲ್ ನಂಬರ್ ಇರುವ ಪಿಕಪ್ ಚೀಟಿ ಪಡೆಯಿರಿ. ಚೀಟಿ ಇಲ್ಲದೆ ಸಾಮಾನು ಬಾಗಿಲು ದಾಟಬಾರದು. ಬಾಗಿಲಲ್ಲಿ ನಗದು ಕೇಳಿದರೆ ಕೊಡಬೇಡಿ. ನಿಜವಾದ ಖರ್ಚಿದ್ದರೆ ಅದು ಮೊದಲೇ ಲಿಖಿತವಾಗಿ ಬಂದಿರುತ್ತದೆ.

## ಹಂತ 8: ಹಣ ಕಡಿಮೆ ಬಂದರೆ

ಗೋದಾಮಿನಲ್ಲಿ ನೋಡಿದ ಮೇಲೆ ಕೆಲವರು ಕಡಿತ ಮಾಡಿ ಹಣ ಹಾಕುತ್ತಾರೆ, ಕಾರಣ ಹೇಳುವುದಿಲ್ಲ. ಯಾವುದಕ್ಕೆ ಎಷ್ಟು ಕಡಿದಿರಿ, ಯಾವ ಶರತ್ತಿನ ಪ್ರಕಾರ, ತಪಾಸಣೆಯ ಫೋಟೋ ಎಲ್ಲಿ ಅಂತ ಕೇಳಿ. ಅವರ ಫೋಟೋದಲ್ಲಿ ಇರುವ ಗೀರು ನಿಮ್ಮ ಪಿಕಪ್ ಫೋಟೋದಲ್ಲಿ ಇಲ್ಲದಿದ್ದರೆ ಅದು ವಾಪಸ್ ದಾರಿಯಲ್ಲಿ ಆದದ್ದು. ಪಿಕಪ್ ಅವರೇ ಮಾಡಿಸಿದ್ದರೆ ಅದಕ್ಕೆ ನೀವು ಹೊಣೆಯಲ್ಲ. ಎರಡೂ ಫೋಟೋ ಪಕ್ಕಪಕ್ಕ ಇಟ್ಟು ಕಳಿಸಿ, ಪಿಕಪ್ ಚೀಟಿ ಲಗತ್ತಿಸಿ, ಉತ್ತರಕ್ಕೆ ಒಂದು ದಿನಾಂಕ ಹಾಕಿ. ಆ ದಿನಾಂಕ ದಾಟಿದರೆ ಕಾರ್ಡ್‌ನಿಂದ ಕೊಟ್ಟಿದ್ದವರು ಬ್ಯಾಂಕಿನಲ್ಲಿ ತಕರಾರು ಹಾಕಬಹುದು, ಉಳಿದವರು ತಮ್ಮ ಊರಿನ ಗ್ರಾಹಕ ದೂರು ವ್ಯವಸ್ಥೆಗೆ ಇದೇ ಕಡತ ಕೊಡಬಹುದು. ಬ್ಯಾಂಕಿಗೂ ಒಂದು ಗಡುವು ಇರುತ್ತದೆ, ಅಂಗಡಿಯ ಉತ್ತರಕ್ಕೆ ಕಾಯುತ್ತಾ ಅದನ್ನು ದಾಟಿಸಬೇಡಿ.